ಫೋಟೊ ಉಡುಗೊರೆ: ಆರ್ಡರ್ ಕೊಡುವ ಮುನ್ನ



ಫೋಟೊ ಅಚ್ಚಾದ ಕಾಫಿ ಮಗ್, ಹೆಸರು ಕೊರೆದ ಮರದ ಫಲಕ, ಮುಖ ಮೂಡಿಸಿದ ಅಕ್ರಿಲಿಕ್ ದೀಪ. ಮದುವೆ, ನಾಮಕರಣ, ನಿವೃತ್ತಿ, ಷಷ್ಟ್ಯಬ್ದಿ, ಯಾವ ಸಮಾರಂಭಕ್ಕೆ ಹೋದರೂ ಇಂಥ ಉಡುಗೊರೆ ಒಂದಾದರೂ ಕಣ್ಣಿಗೆ ಬೀಳುತ್ತದೆ. ಹೆಚ್ಚಿನವು ಆನ್‌ಲೈನ್‌ನಲ್ಲಿ ತರಿಸಿದವು. ಮೊಬೈಲಿನಲ್ಲಿ ಮಾದರಿ ಆರಿಸಿ, ಫೋಟೊ ಕಳಿಸಿ, ದುಡ್ಡು ಕಟ್ಟಿದರೆ ಕೆಲವು ದಿನಗಳಲ್ಲಿ ಪೆಟ್ಟಿಗೆ ಮನೆಗೆ ಬರುತ್ತದೆ.

ಸೀರೆಯನ್ನೋ ಪಾತ್ರೆಯನ್ನೋ ಆನ್‌ಲೈನ್‌ನಲ್ಲಿ ಕೊಳ್ಳುವುದಕ್ಕೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಸೀರೆ ಎಲ್ಲೋ ಒಂದು ಗೋದಾಮಿನಲ್ಲಿ ಆಗಲೇ ತಯಾರಾಗಿ ಇರುತ್ತದೆ, ಅದರ ಫೋಟೊ ತೆಗೆದು ಹಾಕಿರುತ್ತಾರೆ. ನಿಮ್ಮ ತಂದೆತಾಯಿಯ ಫೋಟೊ ಇರುವ ಮಗ್ ಮಾತ್ರ ನೀವು ದುಡ್ಡು ಕಟ್ಟುವ ಹೊತ್ತಿಗೆ ಇನ್ನೂ ಹುಟ್ಟಿಯೇ ಇರುವುದಿಲ್ಲ. ತೆರೆಯ ಮೇಲೆ ನಿಮಗೆ ಕಾಣುವುದು ಖಾಲಿ ಮಗ್ಗಿನ ಚಿತ್ರದ ಮೇಲೆ ಕಂಪ್ಯೂಟರ್ ಅಂಟಿಸಿ ತೋರಿಸಿದ ಇನ್ನೊಂದು ಚಿತ್ರ. ಈ ಕಸುಬಿನವರು ಅದನ್ನು ಮಾಕಪ್ ಅನ್ನುತ್ತಾರೆ. ಮಾಕಪ್ಪಿನಲ್ಲಿ ಬಣ್ಣ ಮಾಸುವುದಿಲ್ಲ, ಮರದ ಗೆರೆ ಮುಖದ ಮೇಲೆ ಹಾಯುವುದಿಲ್ಲ, ಅಕ್ಷರ ಮುಚ್ಚಿಹೋಗುವುದಿಲ್ಲ. ಹಾಗಾಗಿ ಗುಣಮಟ್ಟವನ್ನು ಮೊದಲೇ ಪರೀಕ್ಷಿಸಬೇಕಾದರೆ ಆ ಚಿತ್ರವನ್ನು ಪಕ್ಕಕ್ಕಿಟ್ಟು ಬೇರೆ ಕಡೆ ನೋಡಬೇಕು. ನಮ್ಮ ಫೋಟೊದಲ್ಲಿ ಎಷ್ಟು ಸತ್ವವಿದೆ, ಅದನ್ನು ಯಾವ ವಸ್ತುವಿನ ಮೇಲೆ ಯಾವ ವಿಧಾನದಲ್ಲಿ ಮೂಡಿಸುತ್ತಾರೆ, ನಮ್ಮ ಕನ್ನಡದ ಅಕ್ಷರ ಅವರ ಯಂತ್ರದಲ್ಲಿ ಸರಿಯಾಗಿ ಬರುತ್ತದೆಯೇ ಎಂಬುದನ್ನು ತಿಳಿದುಕೊಳ್ಳಬೇಕು.

ಸ್ಟುಡಿಯೊ ಇಟ್ಟುಕೊಂಡು ಫೋಟೊ ತೆಗೆದು, ತೊಳೆದು, ಮುದ್ರಿಸಿ ಬದುಕಿದವನು ನಾನು. ಈಗ ಜನ ತಮ್ಮ ಫೋಟೊ ಇಂಥ ಉಡುಗೊರೆಗೆ ಆದೀತೋ ಇಲ್ಲವೋ ಎಂದು ಕೇಳಿಕೊಂಡು ಬರುತ್ತಾರೆ. ಹಾಗೆ ಬಂದವರಲ್ಲಿ ಒಬ್ಬರ ಸಂಗತಿಯನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ನಮ್ಮ ಓಣಿಯ ಹೆಣ್ಣುಮಗಳು, ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ತಂದೆತಾಯಿಯ ಮದುವೆಯಾದದ್ದು 1975ರಲ್ಲಿ. ಐವತ್ತು ವರ್ಷ ತುಂಬಿದ ಸಂದರ್ಭಕ್ಕೆ ಆ ಮದುವೆಯ ಕಪ್ಪು ಬಿಳುಪು ಫೋಟೊವನ್ನು ಒಂದು ಮರದ ಫಲಕದ ಮೇಲೆ ಕೊರೆಸಬೇಕು, ಜೊತೆಗೆ ಒಂದು ಜೋಡಿ ಮಗ್ ಮಾಡಿಸಬೇಕು ಎಂದುಕೊಂಡಳು. ಆಲ್ಬಮ್ ಧಾರವಾಡದಲ್ಲಿ ಅಕ್ಕನ ಮನೆಯಲ್ಲಿತ್ತು. ಅಕ್ಕ ಆಲ್ಬಮ್ಮಿನ ಪುಟವನ್ನು ಮೊಬೈಲಿನಲ್ಲಿ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದಳು. ಅದನ್ನು ನನಗೆ ತೋರಿಸಿ ಇವಳು ಕೇಳಿದಳು, "ಕಾಕಾ, ಈ ಫೋಟೊ ನಡಿತೈತೇನ್ರಿ?"

ಮೊಬೈಲಿನ ತೆರೆಯ ಮೇಲೆ ಫೋಟೊ ಚೆನ್ನಾಗಿಯೇ ಕಾಣುತ್ತಿತ್ತು. ಆದರೆ ಫೋಟೊದ ಸತ್ವ ಅಳೆಯುವುದು ಕಣ್ಣಂದಾಜಿನಿಂದಲ್ಲ, ಪಿಕ್ಸೆಲ್ ಎಂಬ ಚುಕ್ಕಿಗಳ ಎಣಿಕೆಯಿಂದ. ಗ್ಯಾಲರಿಯಲ್ಲಿ ಫೋಟೊ ತೆರೆದು ಅದರ ವಿವರ ನೋಡಿದರೆ ಉದ್ದಕ್ಕೆ ಎಷ್ಟು ಚುಕ್ಕಿ, ಅಡ್ಡಕ್ಕೆ ಎಷ್ಟು ಚುಕ್ಕಿ ಎಂದು ಎರಡು ಸಂಖ್ಯೆ ಬರೆದಿರುತ್ತದೆ. ಅಕ್ಕ ತೆಗೆದಾಗ ಅದು 4000ಕ್ಕೆ 3000 ಇತ್ತು. ವಾಟ್ಸ್‌ಆ್ಯಪ್ ಸಾಮಾನ್ಯ ರೀತಿಯಲ್ಲಿ ಕಳಿಸುವಾಗ ಫೋಟೊವನ್ನು ಕುಗ್ಗಿಸುತ್ತದೆ. ಇವಳ ಕೈಗೆ ಬಂದದ್ದು 1600ಕ್ಕೆ 1200. ಅದರಲ್ಲೂ ಫ್ರೇಮಿನ ತುಂಬ ಇದ್ದದ್ದು ಆಲ್ಬಮ್ಮಿನ ಪುಟ. ಪುಟದ ನಡುವೆ ಇದ್ದ ಫೋಟೊದ ಅಗಲ 800 ಚುಕ್ಕಿ. ಆ ಫೋಟೊದಲ್ಲಿ ಸುತ್ತಲಿನ ಬಂಧುಗಳನ್ನು ಬಿಟ್ಟು ಮದುಮಕ್ಕಳನ್ನಷ್ಟೇ ಕತ್ತರಿಸಿ ತೆಗೆದರೆ ಉಳಿಯುವುದು 500 ಚುಕ್ಕಿ.

ಅವಳು ಆರಿಸಿದ್ದ ಫಲಕ ಎಂಟು ಇಂಚು ಅಗಲ, ಆರು ಇಂಚು ಎತ್ತರ. 500 ಚುಕ್ಕಿಯನ್ನು ಎಂಟು ಇಂಚಿಗೆ ಹಂಚಿದರೆ ಇಂಚಿಗೆ ಅರವತ್ತೆರಡೋ ಅರವತ್ತಮೂರೋ ಬೀಳುತ್ತದೆ. ಕಾಗದದ ಮೇಲೆ ಒಳ್ಳೆಯ ಫೋಟೊ ಮುದ್ರಣಕ್ಕೆ ಇಂಚಿಗೆ 300 ಬೇಕು ಎಂಬುದು ವಾಡಿಕೆಯ ಲೆಕ್ಕ. ಮರಕ್ಕೆ ಅಷ್ಟು ಬೇಡ, ಏಕೆಂದರೆ ಅಷ್ಟು ಸೂಕ್ಷ್ಮವನ್ನು ಮರ ಹಿಡಿದಿಟ್ಟುಕೊಳ್ಳುವುದೇ ಇಲ್ಲ. ಇಂಚಿಗೆ 150ರಿಂದ 200 ಇದ್ದರೆ ಸಾಕು. ಆದರೆ ಅರವತ್ತೆರಡಕ್ಕೆ ಕಣ್ಣು, ಮೂಗು ಎಲ್ಲ ಮಸುಕಾದ ಕಲೆಗಳಾಗುತ್ತವೆ.

"ಈ ಫೋಟೊ ನಡಿಯೂದಿಲ್ಲವ್ವಾ. ಆಲ್ಬಮ್ಮಿನ್ಯಾಗಿಂದ ಮೂಲ ಫೋಟೊ ತಗದು ಸ್ಕ್ಯಾನ್ ಮಾಡಸು," ಎಂದು ಹೇಳಿದೆ. ಆ ಫೋಟೊ ಪೋಸ್ಟ್‌ಕಾರ್ಡ್ ಅಳತೆಯದು, ಸುಮಾರು ಐದೂವರೆ ಇಂಚು ಅಗಲ, ಮೂರೂವರೆ ಇಂಚು ಎತ್ತರ. ಧಾರವಾಡದ ಒಂದು ಜೆರಾಕ್ಸ್ ಅಂಗಡಿಯಲ್ಲಿ ಇಂಚಿಗೆ 600 ಚುಕ್ಕಿಯಂತೆ ಸ್ಕ್ಯಾನ್ ಮಾಡಿಸಿದರು. ಐದೂವರೆಯನ್ನು ಆರುನೂರರಿಂದ ಗುಣಿಸಿದರೆ 3300. ಮದುಮಕ್ಕಳ ಭಾಗಕ್ಕೆ ಎರಡು ಸಾವಿರಕ್ಕೂ ಮಿಕ್ಕಿ ಚುಕ್ಕಿ ಬಂತು. ಅದೇ ಎಂಟು ಇಂಚಿನ ಫಲಕದಲ್ಲಿ ಈಗ ಇಂಚಿಗೆ ಇನ್ನೂರೈವತ್ತರ ಮೇಲೆ. ಫೋಟೊ ಅದೇ, ಮುಖಗಳೂ ಅವೇ, ತರಿಸಿಕೊಂಡ ದಾರಿ ಮಾತ್ರ ಬೇರೆ. ಆ ಸ್ಕ್ಯಾನನ್ನು ಅಕ್ಕ ಈ ಸಲವೂ ವಾಟ್ಸ್‌ಆ್ಯಪ್‌ನಲ್ಲೇ ಕಳಿಸಿದಳು, ಆದರೆ ಫೋಟೊ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸಿದಳು. ಡಾಕ್ಯುಮೆಂಟ್ ಆಗಿ ಕಳಿಸಿದರೆ ಚುಕ್ಕಿಗಳು ಕುಗ್ಗುವುದಿಲ್ಲ. ಇ-ಮೇಲ್‌ಗೆ ಲಗತ್ತಿಸಿದರೂ ಆಗುತ್ತದೆ.

ಸ್ಕ್ಯಾನರ್ ಸಿಗದ ಊರಲ್ಲಿ ಮೊಬೈಲಿನಲ್ಲೇ ತೆಗೆಯಬೇಕಾದರೆ ಫೋಟೊವನ್ನು ಪ್ಲಾಸ್ಟಿಕ್ ಹಾಳೆಯಿಂದ ಹೊರಗೆ ತೆಗೆಯಿರಿ. ಹಗಲಿನಲ್ಲಿ ಕಿಟಕಿಯ ಪಕ್ಕ ಮೇಜಿನ ಮೇಲೆ ಇಟ್ಟು, ಫ್ಲ್ಯಾಶ್ ಇಲ್ಲದೆ, ಟ್ಯೂಬ್‌ಲೈಟ್ ಆರಿಸಿ, ನೇರ ಮೇಲಿನಿಂದ, ಫ್ರೇಮಿನ ತುಂಬ ಆ ಫೋಟೊ ಒಂದೇ ಇರುವಂತೆ ತೆಗೆಯಿರಿ. ಹಳೆಯ ಫೋಟೊ ಆಲ್ಬಮ್ಮಿಗೆ ಅಂಟಿಕೊಂಡಿದ್ದರೆ ಎಳೆಯಬೇಡಿ, ಮೇಲ್ಪದರ ಕಿತ್ತು ಬರುತ್ತದೆ. ಹಾಗಿದ್ದಾಗ ಪುಟವನ್ನೇ ಸ್ಕ್ಯಾನರಿಗೆ ಇಡುವುದು ಒಳ್ಳೆಯದು.

"ನಿಮ್ಮ ಫೋಟೊ ಸಣ್ಣದಾದರೂ ಚಿಂತೆಯಿಲ್ಲ, ನಾವು ದೊಡ್ಡದು ಮಾಡಿಕೊಳ್ಳುತ್ತೇವೆ" ಎಂದು ಕೆಲವು ಮಾರಾಟಗಾರರು ಹೇಳುತ್ತಾರೆ. ಚುಕ್ಕಿಗಳ ಎಣಿಕೆಯನ್ನು ಹೆಚ್ಚಿಸಬಹುದು, ಇಲ್ಲದ ವಿವರವನ್ನು ತರಲಾಗುವುದಿಲ್ಲ. ಚರ್ಮ ನುಣುಪಾಗಿ, ಹುಬ್ಬು ತಿದ್ದಿದಂತಾಗಿ, ತಾಯಿಯ ಮುಖ ಇನ್ಯಾರದೋ ಮುಖದಂತೆ ಆಗಿಬಿಟ್ಟ ಫೋಟೊಗಳನ್ನು ನಾನು ನೋಡಿದ್ದೇನೆ. ಫೋಟೊ ಸಾಲದಾದರೆ ಸಾಲದು ಎಂದು ಹೇಳಿ ಬೇರೆಯದನ್ನು ಕೇಳುವ ಮಾರಾಟಗಾರನ ಮೇಲೆ ನನಗೆ ಹೆಚ್ಚು ನಂಬಿಕೆ.

ಇನ್ನು ಮಗ್ಗಿನ ವಿಚಾರ. ಬಿಳಿ ಪಿಂಗಾಣಿ ಮಗ್ಗಿನ ಮೇಲೆ ಫೋಟೊ ಹಾಕುವ ವಿಧಾನಕ್ಕೆ ಸಬ್ಲಿಮೇಶನ್ ಎಂದು ಹೆಸರು. ಮೊದಲು ವಿಶೇಷ ಬಣ್ಣದಿಂದ ಕಾಗದದ ಮೇಲೆ ಚಿತ್ರವನ್ನು ಎಡಬಲ ತಿರುಗಿಸಿ ಮುದ್ರಿಸುತ್ತಾರೆ. ಆ ಕಾಗದವನ್ನು ಮಗ್ಗಿಗೆ ಸುತ್ತಿ, ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಮೂರು ನಿಮಿಷದ ಆಸುಪಾಸು ಒತ್ತಿ ಹಿಡಿಯುತ್ತಾರೆ. ಬಣ್ಣ ಆವಿಯಾಗಿ ಮಗ್ಗಿನ ಮೇಲಿನ ಪಾಲಿಯೆಸ್ಟರ್ ಲೇಪದ ಒಳಕ್ಕೆ ಇಳಿಯುತ್ತದೆ. ಲೇಪ ಚೆನ್ನಾಗಿದ್ದರೆ ಚಿತ್ರ ವರ್ಷಗಟ್ಟಲೆ ಇರುತ್ತದೆ, ಉಗುರಿನಿಂದ ಕೆರೆದರೂ ಏಳುವುದಿಲ್ಲ. ಲೇಪ ಕಳಪೆಯಾದರೆ ತೊಳೆದಂತೆಲ್ಲ ಚಿತ್ರ ಬಿಳಿಚಿಕೊಳ್ಳುತ್ತದೆ. ಮುದ್ರಣ ಎಷ್ಟೇ ಚೆನ್ನಾಗಿರಲಿ, ಬಾಳಿಕೆ ನಿಂತಿರುವುದು ಆ ಲೇಪದ ಮೇಲೆ. ಲೇಪ ಮಾತ್ರ ಯಾವ ಜಾಹೀರಾತಿನ ಚಿತ್ರದಲ್ಲೂ ಕಾಣುವುದಿಲ್ಲ.

ಕಾಣದ್ದನ್ನು ತಿಳಿಯುವುದು ಹೇಗೆ? ಕೊಂಡವರು ಹಾಕಿರುವ ಫೋಟೊಗಳಿಂದ. ವಿಮರ್ಶೆಗಳಲ್ಲಿ ನಕ್ಷತ್ರಗಳ ಸರಾಸರಿಯನ್ನು ಬಿಟ್ಟುಬಿಡಿ. ಪೆಟ್ಟಿಗೆ ಬಿಚ್ಚಿದ ದಿನ, ಮುಖ ನೋಡಿದ ಸಂತೋಷದಲ್ಲಿ ಜನ ಐದು ನಕ್ಷತ್ರ ಕೊಟ್ಟಿರುತ್ತಾರೆ. ಹುಡುಕಬೇಕಾದದ್ದು ಫೋಟೊ ಸಮೇತ ಇರುವ ವಿಮರ್ಶೆಗಳನ್ನು, ಅದರಲ್ಲೂ ಕೆಲವು ತಿಂಗಳು ಬಳಸಿದ ಮೇಲೆ ಬರೆದವನ್ನು, ಮತ್ತು ಕಡಿಮೆ ನಕ್ಷತ್ರದವನ್ನು. ಆ ಫೋಟೊಗಳನ್ನು ಹಿಗ್ಗಿಸಿ ಮಗ್ಗಿನ ಹಿಡಿಯ ಪಕ್ಕ, ಬಾಯಂಚು ಮತ್ತು ತಳದಂಚು ನೋಡಿ. ಒತ್ತಡ ಸಮನಾಗಿ ಬಿದ್ದಿಲ್ಲವಾದರೆ ಮೊದಲು ತಿಳಿಯುವುದು ಅಲ್ಲಿಯೇ, ಬಣ್ಣ ಪಟ್ಟೆಪಟ್ಟೆಯಾಗಿ ತೆಳುವಾಗಿರುತ್ತದೆ. ಅಕ್ಷರದ ಅಂಚಿನಲ್ಲಿ ಇನ್ನೊಂದು ಮಸುಕು ನೆರಳು ಕಂಡರೆ ಒತ್ತುವಾಗ ಕಾಗದ ಜರುಗಿದೆ ಎಂದರ್ಥ. ಒಬ್ಬರ ಮಗ್ಗಿನಲ್ಲಿ ಹೀಗಾದರೆ ಅದು ಆಕಸ್ಮಿಕ ಇರಬಹುದು. ಮೂರು ನಾಲ್ಕು ಜನರ ಫೋಟೊದಲ್ಲಿ ಇದೇ ಕಂಡರೆ ಅಲ್ಲಿನ ಕೆಲಸದ ರೀತಿಯೇ ಹಾಗೆ.

ಕಪ್ಪು ಬಿಳುಪು ಫೋಟೊಗೆ ಈ ವಿಧಾನದಲ್ಲಿ ಒಂದು ತೊಡಕಿದೆ, ಹೆಚ್ಚಿನವರಿಗೆ ಇದು ಗೊತ್ತಿಲ್ಲ. ಯಂತ್ರ ಬೂದು ಬಣ್ಣವನ್ನು ಹಲವು ಬಣ್ಣ ಬೆರೆಸಿಯೇ ಮಾಡುತ್ತದೆ. ಕಾವು ಸ್ವಲ್ಪ ಹೆಚ್ಚುಕಡಿಮೆಯಾದರೆ ಆ ಬೆರಕೆಯ ಸಮತೋಲ ತಪ್ಪಿ, ಬೂದು ಇದ್ದ ಜಾಗದಲ್ಲಿ ಹಸಿರು ಛಾಯೆಯೋ ಕಂದು ಛಾಯೆಯೋ ಇಣುಕುತ್ತದೆ. ಬಣ್ಣದ ಫೋಟೊದಲ್ಲಾದರೆ ಅಷ್ಟು ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ಕಪ್ಪು ಬಿಳುಪಿನಲ್ಲಿ ಮುಖದ ಮೇಲೆ ಹಸಿರು ಬಂದರೆ ಅಡಗುವುದಿಲ್ಲ. ಅದಕ್ಕೆ ನಾನು ಆ ಹೆಣ್ಣುಮಗಳಿಗೆ ಹೇಳಿದ್ದು: ಮಗ್ಗಿಗೆ ಕೊಡುವ ಪ್ರತಿಯನ್ನು ಮೊದಲೇ ಸೆಪಿಯಾ ಮಾಡಿಸು, ಅಂದರೆ ಹಳೆಯ ಫೋಟೊಗಳ ಆ ಕಂದು ಬಣ್ಣಕ್ಕೆ ತಿರುಗಿಸು. ಆಗ ಛಾಯೆ ಅತ್ತಿತ್ತ ಆದರೂ ಅದು ಫೋಟೊದ ಬಣ್ಣವೇ ಎನಿಸುತ್ತದೆ. ಜೊತೆಗೆ ಸ್ವಲ್ಪ ಬೆಳಕನ್ನೂ ಏರಿಸಿರಬೇಕು. ಮೊಬೈಲಿನ ತೆರೆ ಒಳಗಿನಿಂದ ಬೆಳಗುತ್ತದೆ, ಮಗ್ ಬೆಳಗುವುದಿಲ್ಲ. ಅದೇ ಫೋಟೊ ಮಗ್ಗಿನ ಮೇಲೆ ಒಂದು ಪಟ್ಟು ಕಪ್ಪಾಗಿಯೇ ಕಾಣುತ್ತದೆ.

ಸಬ್ಲಿಮೇಶನ್ನಿನಲ್ಲಿ ಬಿಳಿ ಬಣ್ಣ ಇಲ್ಲ. ಚಿತ್ರದಲ್ಲಿ ಬಿಳಿ ಕಾಣುವ ಕಡೆಯೆಲ್ಲ ಇರುವುದು ಮಗ್ಗಿನ ಬಿಳಿಯೇ. ಹಾಗಾಗಿ ಕಡುಬಣ್ಣದ ವಸ್ತುವಿನ ಮೇಲೆ ಫೋಟೊ ಹಾಕುತ್ತೇವೆ ಎಂದರೆ ಅದು ಬೇರೆ ವಿಧಾನ. ಮರ, ಲೋಹ, ಗಾಜಿನ ಮೇಲೆ ಹೆಚ್ಚಾಗಿ ಯುವಿ ಮುದ್ರಣ ಮಾಡುತ್ತಾರೆ. ಅದರಲ್ಲಿ ಬಣ್ಣ ಒಳಕ್ಕೆ ಇಳಿಯುವುದಿಲ್ಲ, ಮೇಲೆ ಪದರವಾಗಿ ಕೂತು ಯುವಿ ದೀಪದ ಬೆಳಕಿಗೆ ಗಟ್ಟಿಯಾಗುತ್ತದೆ. ಗೋಡೆಗೆ ತೂಗುಹಾಕುವ ವಸ್ತುವಿಗೆ ಅದು ಚೆನ್ನ. ದಿನಾ ತೊಳೆಯುವ, ಜೇಬಿನಲ್ಲಿ ಬೀಗದ ಕೈ ಜೊತೆ ಉಜ್ಜುವ ವಸ್ತುವಿಗೆ ಆ ಪದರ ಕೀಳುವ ಸಂಭವ ಹೆಚ್ಚು. "ಇದು ಸಬ್ಲಿಮೇಶನ್ನೋ, ಯುವಿ ಪ್ರಿಂಟೋ, ಸ್ಟಿಕ್ಕರೋ" ಎಂದು ಮಾರಾಟಗಾರರನ್ನು ನೇರವಾಗಿ ಕೇಳಿ. ಕೆಲಸ ಗೊತ್ತಿದ್ದವರು ಒಂದೇ ಮಾತಿನಲ್ಲಿ ಉತ್ತರ ಕೊಡುತ್ತಾರೆ. "ಹೈ ಕ್ವಾಲಿಟಿ ಪ್ರಿಂಟ್" ಎಂದಷ್ಟೇ ಮತ್ತೆ ಮತ್ತೆ ಹೇಳಿದರೆ ಅಲ್ಲಿ ಕೊಳ್ಳಬೇಡಿ.

ಕೊರೆಯುವ ಕೆಲಸಕ್ಕೆ ಬರೋಣ. ಈಗ ಉಳಿಯಿಂದ ಕೊರೆಯುವವರು ವಿರಳ, ಲೇಸರ್ ಯಂತ್ರವೇ ಎಲ್ಲ ಕಡೆ. ಮರದ ಮೇಲೆ ಲೇಸರ್ ಮಾಡುವುದು ಸುಡುವ ಕೆಲಸ. ಸುಟ್ಟ ಚುಕ್ಕಿ ಕಂದು ಕಪ್ಪಾಗುತ್ತದೆ, ಸುಡದ ಜಾಗ ಮರದ ಬಣ್ಣದಲ್ಲೇ ಉಳಿಯುತ್ತದೆ, ಚುಕ್ಕಿಗಳ ದಟ್ಟಣೆಯಿಂದ ಮುಖದ ನೆರಳುಬೆಳಕು ಹುಟ್ಟಬೇಕು. ಆದ್ದರಿಂದ ಮರ ತಿಳಿಬಣ್ಣದ್ದಾಗಿರಬೇಕು, ಎದ್ದು ಕಾಣುವ ಗೆರೆಗಳಿರಬಾರದು. ನಮ್ಮ ಕಡೆ ಬೀಟೆ, ಸಾಗುವಾನಿ ಎಂದರೆ ಶ್ರೇಷ್ಠ ಮರ ಎಂಬ ಭಾವನೆ ಇದೆ, ಪೀಠೋಪಕರಣಕ್ಕೆ ಅದು ಸರಿ. ಫೋಟೊ ಕೊರೆಯಲು ಬೀಟೆ ತಕ್ಕುದಲ್ಲ. ಕಡುಬಣ್ಣದ ಮರದ ಮೇಲೆ ಸುಟ್ಟ ಕಪ್ಪು ಎದ್ದು ಕಾಣುವುದಿಲ್ಲ. ಸಾಗುವಾನಿಯ ಗೆರೆ ಕೆನ್ನೆಯ ಮೇಲೆ ಹಾದರೆ ಅದು ಗಾಯದ ಗುರುತಿನಂತೆ ತೋರುತ್ತದೆ. ಹೆಸರು, ದಿನಾಂಕ ಮಾತ್ರ ಕೊರೆಸುವುದಾದರೆ ಈ ಮರಗಳು ಸುಂದರ. ಮುಖಕ್ಕೆ ಬರ್ಚ್, ಮೇಪಲ್‌ನಂಥ ತಿಳಿ ಮರವನ್ನೋ ಅದರ ಪ್ಲೈವುಡ್ಡನ್ನೋ ಆರಿಸಬೇಕು.

ಬರಿಯ 'ವುಡನ್' ಎಂದು ಬರೆದಿದ್ದರೆ ಅದು ಎಂಡಿಎಫ್ ಕೂಡ ಇರಬಹುದು. ಮರದ ನಾರನ್ನು ಅಂಟಿನಿಂದ ಒತ್ತಿ ಮಾಡಿದ ಹಲಗೆ ಅದು. ಗೆರೆಗಳಿಲ್ಲದ ಕಾರಣ ಅದರ ಮೇಲೆ ಮುಖ ಚೆನ್ನಾಗಿಯೇ ಬರುತ್ತದೆ, ಆದರೆ ನೀರು ತಗುಲಿದರೆ ಉಬ್ಬುತ್ತದೆ. ಮರದ ಬೆಲೆಗೆ ಎಂಡಿಎಫ್ ಕೊಳ್ಳಬಾರದು ಅಷ್ಟೆ. ಫಲಕದ ಪಕ್ಕದಂಚಿನ ಫೋಟೊ ಕೇಳಿ. ಮರವಾದರೆ ಫಲಕದ ಮೇಲಿನ ಗೆರೆ ಅಂಚಿನಲ್ಲೂ ಮುಂದುವರಿದಿರುತ್ತದೆ. ಪ್ಲೈವುಡ್ಡಾದರೆ ಪದರಗಳು ಕಾಣುತ್ತವೆ. ಎಂಡಿಎಫ್ ಆದರೆ ಅಂಚು ಒಂದೇ ಸಮನೆ ಇರುತ್ತದೆ, ಲೇಸರಿನಿಂದ ಕತ್ತರಿಸಿದ್ದರೆ ಕಡುಕಂದು.

ಅಕ್ರಿಲಿಕ್ ದೀಪ, ಗಾಜು, ಕರಿಗಲ್ಲಿನ ತುಂಡು, ಕಪ್ಪು ಬಣ್ಣದ ಲೋಹ ಇವುಗಳ ವಿಚಾರ ಮರಕ್ಕೆ ತಿರುವುಮುರುವು. ಇವುಗಳ ಮೇಲೆ ಲೇಸರ್ ತಾಗಿದ ಜಾಗ ಬಿಳಿಯಾಗುತ್ತದೆ. ಹಾಗಾಗಿ ಫೋಟೊವನ್ನು ಮೊದಲು ಕಪ್ಪಿಗೆ ಬಿಳಿ, ಬಿಳಿಗೆ ಕಪ್ಪು ಮಾಡಿಯೇ ಯಂತ್ರಕ್ಕೆ ಕೊಡಬೇಕು. ಅದನ್ನು ಮರೆತರೆ ಬಿಳಿ ಕೂದಲು, ಕಪ್ಪು ಹಲ್ಲು, ಥೇಟ್ ಹಳೆಯ ನೆಗೆಟಿವ್ ಫಿಲ್ಮಿನ ಮುಖ ಬರುತ್ತದೆ. ಸಣ್ಣ ತಯಾರಕರಲ್ಲಿ ಇದು ನಿಜವಾಗಿಯೂ ಆಗುವ ತಪ್ಪು. ಮಾಕಪ್ಪಿನಲ್ಲಿ ಗೊತ್ತಾಗುವುದಿಲ್ಲ, ಕೊಂಡವರು ಹಾಕಿದ ಫೋಟೊಗಳಲ್ಲಿ ಕೂದಲು ಮತ್ತು ಕಣ್ಣಿನ ಪಾಪೆ ನೋಡಿದರೆ ತಕ್ಷಣ ತಿಳಿಯುತ್ತದೆ.

ಮುಖದ ಅಳತೆಯನ್ನೂ ಲೆಕ್ಕ ಹಾಕಬೇಕು. ಮರದ ಮೇಲೆ ಗಲ್ಲದಿಂದ ನೆತ್ತಿಯವರೆಗೆ ಕನಿಷ್ಠ ಮೂರು ಸೆಂಟಿಮೀಟರ್ ಇಲ್ಲದಿದ್ದರೆ ಗುರುತು ಹಿಡಿಯುವಂಥ ಮುಖ ಬರುವುದು ಕಷ್ಟ ಎಂಬುದು ನನ್ನ ಅನುಭವ. ನಮ್ಮ ಈ ಮದುವೆ ಫೋಟೊದಲ್ಲಿ ಇಬ್ಬರಿಗೂ ಬಾಸಿಂಗ ಕಟ್ಟಿತ್ತು. ಬಾಸಿಂಗ ಪೂರ್ತಿ ಬರಬೇಕು, ಕೊರಳ ಹಾರವೂ ಬರಬೇಕು ಎಂದರೆ ಮುಖ ಎರಡು ಸೆಂಟಿಮೀಟರಿಗೆ ಇಳಿಯುತ್ತಿತ್ತು. ಹೆಣ್ಣುಮಗಳು ಮೂರು ಕಡೆ ವಿಚಾರಿಸಿದ್ದಳು. ಇಬ್ಬರು "ಎಲ್ಲಾ ಬರುತ್ತೆ ಮೇಡಂ" ಅಂದರು. ಮೂರನೆಯವರು, "ಬಾಸಿಂಗದ ಮಣಿ ಮರದ ಮೇಲೆ ಬಿಡಿಬಿಡಿಯಾಗಿ ಬರಲ್ಲ, ಒಂದೇ ಕಪ್ಪು ಪಟ್ಟಿ ಆಗುತ್ತೆ. ಮುಖ ಹತ್ತಿರಕ್ಕೆ ತಗೊಳ್ಳೋಣ," ಎಂದು ಹೇಳಿ, ತಾವು ಹಿಂದೆ ಮಾಡಿದ್ದ ಒಂದು ಫಲಕವನ್ನು ಕೈಯಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಅತ್ತಿತ್ತ ವಾಲಿಸುತ್ತ ಸಣ್ಣ ವಿಡಿಯೊ ಮಾಡಿ ಕಳಿಸಿದರು. ಅವಳು ಆರ್ಡರ್ ಕೊಟ್ಟದ್ದು ಅವರಿಗೆ. ಮರಕ್ಕೆ ಮುಖಗಳು, ಬಾಸಿಂಗದ ಸಮೇತ ಇಡೀ ಫೋಟೊ ಮಗ್ಗಿಗೆ ಎಂದು ತೀರ್ಮಾನವಾಯಿತು. ಸಬ್ಲಿಮೇಶನ್ನಿನಲ್ಲಿ ಮಣಿಮಣಿಯೂ ಬರುತ್ತದೆ.

ಲೋಹದ ಬಗ್ಗೆ ಎರಡೇ ಮಾತು. ಬಣ್ಣ ಹಿಡಿಸಿದ ಅಲ್ಯೂಮಿನಿಯಂ ಮೇಲೆ ಲೇಸರ್ ಗುರುತು ಬಿಳಿಯಾಗಿ ಸ್ಪಷ್ಟವಾಗಿ ಬಂದು ಬಹುಕಾಲ ನಿಲ್ಲುತ್ತದೆ. 'ಗೋಲ್ಡನ್', 'ಬ್ರಾಸ್ ಫಿನಿಶ್' ಎಂದು ಬರೆದದ್ದು ಬಹಳ ಸಲ ಬೇರೆ ಲೋಹದ ಮೇಲಿನ ತೆಳು ಮುಲಾಮು. ಕೊರೆದಾಗ ಮುಲಾಮು ಹೋಗಿ ಒಳಗಿನ ಲೋಹ ಬಯಲಾಗುತ್ತದೆ. ಒಳಗಿರುವುದು ಕಬ್ಬಿಣದ ಜಾತಿಯದಾದರೆ ಅಕ್ಷರದ ಗುಂಟ ತುಕ್ಕು ಶುರುವಾಗುತ್ತದೆ. ಒಳಗಿನ ಲೋಹ ಯಾವುದು ಎಂದು ಬರಹದಲ್ಲೇ ಉತ್ತರ ಪಡೆಯಿರಿ.

ಇನ್ನು ಕನ್ನಡ ಅಕ್ಷರ. ನನ್ನ ಮನಸ್ಸಿಗೆ ಹೆಚ್ಚು ನೋವಾಗುವುದು ಇಲ್ಲಿಯೇ. ಅಷ್ಟು ಪ್ರೀತಿಯಿಂದ ಮಾಡಿಸಿದ ಉಡುಗೊರೆಯ ಮೇಲೆ ಹಿರಿಯರ ಹೆಸರು ಒಡೆದು ಬಂದಿರುವುದನ್ನು ಮತ್ತೆ ಮತ್ತೆ ನೋಡುತ್ತಿದ್ದೇನೆ. ಪ್ರಹ್ಲಾದ ಎಂಬ ಹೆಸರನ್ನು ತೆಗೆದುಕೊಳ್ಳಿ. ಅದರಲ್ಲಿ ಎರಡು ಒತ್ತಕ್ಷರಗಳಿವೆ. ಒತ್ತಕ್ಷರವನ್ನು ಕೂಡಿಸಲು ಬಾರದ ತಂತ್ರಾಂಶದಲ್ಲಿ ಅದು ಪ್‌ರಹ್‌ಲಾದ ಎಂದು ಬರುತ್ತದೆ. ವಾರ್ಷಿಕೋತ್ಸವ ಎಂಬುದು ವಾರ್‌ಷಿಕೋತ್‌ಸವ ಆಗುತ್ತದೆ. ಇದಕ್ಕೆ ಕಾರಣ ಸರಳ. ನಾವು ಮೊಬೈಲಿನಲ್ಲಿ ಟೈಪ್ ಮಾಡುವುದು ಯೂನಿಕೋಡ್ ಕನ್ನಡ. ಅದರಲ್ಲಿ ಪ, ಹಲಂತ ಚಿಹ್ನೆ, ರ ಎಂಬ ಮೂರು ಸಂಕೇತಗಳು ಬೇರೆಬೇರೆಯಾಗಿ ಸಾಲಾಗಿರುತ್ತವೆ, ಅವನ್ನು ಕೂಡಿಸಿ ಪ್ರ ಎಂದು ತೋರಿಸುವುದು ತೆರೆಯ ಹಿಂದಿನ ತಂತ್ರಾಂಶದ ಹೊಣೆ. ಮೊಬೈಲು ಆ ಹೊಣೆಯನ್ನು ನಿಭಾಯಿಸುತ್ತದೆ. ಲೇಸರ್ ಯಂತ್ರ ನಡೆಸುವ ಎಷ್ಟೋ ತಂತ್ರಾಂಶಗಳಿಗೆ ಅದು ಬರುವುದಿಲ್ಲ, ವಿನ್ಯಾಸದ ಕೆಲವು ತಂತ್ರಾಂಶಗಳಲ್ಲಿ ಭಾರತೀಯ ಭಾಷೆಯ ಆಯ್ಕೆಯನ್ನು ಬೇರೆಯಾಗಿ ಆನ್ ಮಾಡಬೇಕು. ತಯಾರಕರು ಕನ್ನಡ ಬಲ್ಲವರಲ್ಲದಿದ್ದರೆ ಅಕ್ಷರ ಒಡೆದದ್ದು ಅವರ ಕಣ್ಣಿಗೆ ಬೀಳುವುದೂ ಇಲ್ಲ.

ಇನ್ನೊಂದು ತೊಂದರೆ ಅಕ್ಷರದ ಗಾತ್ರದ್ದು. ಸುಧಾ ಎಂಬ ಹೆಸರಿನಲ್ಲಿ ಧಾ ಅಕ್ಷರವನ್ನು ದಾ ಅಲ್ಲ ಎಂದು ತಿಳಿಸುವುದು ಅದರ ಹೊಟ್ಟೆಯ ಕೆಳಗಿನ ಒಂದು ಸಣ್ಣ ಸೀಳು. ಅಕ್ಷರದ ಎತ್ತರ ಮೂರು ಮಿಲಿಮೀಟರ್ ಇದ್ದರೆ ಆ ಸೀಳು ಲೇಸರ್ ಕಿರಣದ ದಪ್ಪಕ್ಕೆ ಹತ್ತಿರ ಬರುತ್ತದೆ, ಮರದಲ್ಲಿ ಸುಟ್ಟು ಮುಚ್ಚಿಹೋಗುತ್ತದೆ, ಹೆಸರು ಸುದಾ ಆಗುತ್ತದೆ. ಇಂಗ್ಲಿಷ್ ಅಕ್ಷರ ಆ ಅಳತೆಯಲ್ಲಿ ಚೆನ್ನಾಗಿಯೇ ಬರುವುದರಿಂದ ತಯಾರಕರು ಕನ್ನಡಕ್ಕೂ ಅದೇ ಅಳತೆ ಇಡುತ್ತಾರೆ. ಒತ್ತಕ್ಷರ ಬಿಟ್ಟು ಮುಖ್ಯ ಅಕ್ಷರವೇ ಐದಾರು ಮಿಲಿಮೀಟರ್ ಇರಲಿ ಎಂದು ಹೇಳಿ. ಕೆಳಗಿನ ಸಾಲಿಗೂ ಮೇಲಿನ ಸಾಲಿಗೂ ನಡುವೆ ಒತ್ತಕ್ಷರಕ್ಕೆ ಜಾಗ ಬಿಡಿಸಿ. ಬೀಗದ ಕೈಯ ಗೊಂಚಲಿನಂಥ ಪುಟ್ಟ ವಸ್ತುವಿಗೆ ಉದ್ದ ವಾಕ್ಯ ಬೇಡ, ಹೆಸರೊಂದೇ ಸಾಕು.

ಅಕ್ಷರ ಒಡೆಯದಂತೆ ಮಾಡಲು ಒಂದು ಗಟ್ಟಿ ದಾರಿ ಇದೆ. ನಿಮ್ಮ ಊರಿನ ಡಿಟಿಪಿ ಅಂಗಡಿಗೆ ಹೋಗಿ, ಮದುವೆ ಪತ್ರಿಕೆ ಮಾಡುವವರ ಹತ್ತಿರ, ಆ ಸಾಲುಗಳನ್ನು ಕನ್ನಡದಲ್ಲಿ ಜೋಡಿಸಿ, ಅಕ್ಷರಗಳನ್ನು ಕರ್ವ್ಸ್‌ಗೆ ಬದಲಾಯಿಸಿ ಪಿಡಿಎಫ್ ಮಾಡಿಕೊಡಲು ಹೇಳಿ. ಕರ್ವ್ಸ್ ಮಾಡಿದ ಮೇಲೆ ಅದು ಅಕ್ಷರವಲ್ಲ, ಬರಿಯ ರೇಖಾಚಿತ್ರ. ಯಾವ ಯಂತ್ರಕ್ಕೆ ಹಾಕಿದರೂ ಬದಲಾಗುವುದಿಲ್ಲ. ನುಡಿ, ಬರಹಗಳ ಹಳೆಯ ಫಾಂಟ್ ಬಳಸಿದರೂ ತೊಂದರೆಯಿಲ್ಲ, ಕರ್ವ್ಸ್ ಆಗಿರಬೇಕು ಅಷ್ಟೆ. ಈ ಪಿಡಿಎಫ್ ಬಳಸಲು ಒಪ್ಪುತ್ತೀರಾ ಎಂದು ಮಾರಾಟಗಾರರನ್ನು ದುಡ್ಡು ಕಟ್ಟುವ ಮುನ್ನವೇ ಕೇಳಬೇಕು. ವೆಬ್‌ಸೈಟಿನ ಪೆಟ್ಟಿಗೆಯಲ್ಲಿ ಹೆಸರು ಟೈಪ್ ಮಾಡುವುದನ್ನು ಬಿಟ್ಟು ಬೇರೆ ದಾರಿಯೇ ಇಲ್ಲದ ಕಡೆ ಕನ್ನಡ ಕೊರೆಸಬೇಡಿ.

ಒಳ್ಳೆಯ ತಯಾರಕರು ಯಂತ್ರಕ್ಕೆ ಹಾಕುವ ಮೊದಲು ಪ್ರೂಫ್ ಕಳಿಸುತ್ತಾರೆ. ಪ್ರೂಫ್ ಕೊಡುವುದಿಲ್ಲ ಎಂದರೆ ನನ್ನ ಮಟ್ಟಿಗೆ ಮಾತು ಅಲ್ಲಿಗೇ ಮುಗಿಯಿತು. ಪ್ರೂಫಿನಲ್ಲಿ ಬಣ್ಣ ತಿಳಿಯುವುದಿಲ್ಲ, ಆದರೆ ಫೋಟೊವನ್ನು ಎಲ್ಲಿ ಕತ್ತರಿಸಿದ್ದಾರೆ, ಅಕ್ಷರ ಹೇಗಿದೆ, ದಿನಾಂಕ ಸರಿಯೇ ಎಂಬುದು ತಿಳಿಯುತ್ತದೆ. ನಮ್ಮ ಈ ಸಂಗತಿಯಲ್ಲಿ ಪ್ರೂಫನ್ನು ಅಕ್ಕನಿಗೂ ಸೋದರಮಾವನಿಗೂ ಕಳಿಸಿದರು. ಮಾವ ನೋಡಿದವರೇ, ಮದುವೆಯ ತಾರೀಖು ಒಂದು ದಿನ ಹಿಂದಿನದಾಗಿದೆ, ಅದು ದೇವರ ಕಾರ್ಯದ ದಿನ, ಅಕ್ಷತೆ ಬಿದ್ದದ್ದು ಮಾರನೆಯ ದಿನ ಎಂದರು. ಲಗ್ನಪತ್ರಿಕೆ ತೆಗೆಸಿ ನೋಡಿದರೆ ಅವರ ಮಾತೇ ಸರಿ. ಪ್ರೂಫಿಗೆ ಒಪ್ಪಿಗೆ ಕೊಟ್ಟ ಮೇಲೆ ಇಂಥ ತಪ್ಪಿನ ಹೊಣೆ ಕೊಂಡವರದೇ, ತಯಾರಕರದಲ್ಲ.

ತಯಾರಕರ ತಪ್ಪಾದರೆ ಮಾತು ಬೇರೆ. ಹೆಸರು, ಫೋಟೊ ಹಾಕಿದ ವಸ್ತುವನ್ನು ವಾಪಸು ಪಡೆಯುವುದಿಲ್ಲ ಎಂದು ಬಹುತೇಕ ಎಲ್ಲರೂ ಬರೆದಿರುತ್ತಾರೆ. ನಿಮಗೆ ಮನಸ್ಸು ಬದಲಾಯಿತು ಎಂಬ ಕಾರಣಕ್ಕೆ ವಾಪಸು ಪಡೆಯದಿರುವುದು ನ್ಯಾಯವೇ, ಆ ವಸ್ತು ಇನ್ಯಾರಿಗೂ ಮಾರಾಟವಾಗುವುದಿಲ್ಲ. ಆದರೆ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳು, 2020ರ ಪ್ರಕಾರ, ವಸ್ತು ದೋಷದಿಂದ ಕೂಡಿದ್ದರೆ, ಜಾಹೀರಾತಿನಲ್ಲಿ ಹೇಳಿದ ಅಥವಾ ಒಪ್ಪಿಕೊಂಡ ಗುಣಗಳು ಅದರಲ್ಲಿ ಇಲ್ಲದಿದ್ದರೆ, ಹೇಳಿದ ದಿನಕ್ಕೆ ತಲುಪದೆ ತಡವಾದರೆ, ಮಾರಾಟಗಾರರು ವಾಪಸು ಪಡೆಯಲು ಅಥವಾ ಹಣ ಮರಳಿಸಲು ನಿರಾಕರಿಸುವಂತಿಲ್ಲ. ತಡವಾದದ್ದು ಅವರ ಕೈಮೀರಿದ ಅನಾಹುತದಿಂದ ಎಂದಾದರೆ ಮಾತ್ರ ವಿನಾಯಿತಿ. ಒಪ್ಪಿಕೊಂಡ ಗುಣ ಎಂದು ಸಾಧಿಸಲು ಅದು ಬರಹದಲ್ಲಿ ಇರಬೇಕು. ತಿಳಿ ಮರ, ಸಬ್ಲಿಮೇಶನ್, ಇಷ್ಟು ಅಳತೆ, ಈ ತಾರೀಖಿನೊಳಗೆ ಎಂದು ಚಾಟ್‌ನಲ್ಲೋ ಇ-ಮೇಲ್‌ನಲ್ಲೋ ಬರೆಸಿಕೊಳ್ಳಬೇಕು ಎನ್ನುವುದು ಇದಕ್ಕೇ. ದೂರು ಕೊಟ್ಟರೆ ಮಾರಾಟ ತಾಣದ ದೂರು ಅಧಿಕಾರಿ 48 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಕಿವಿಗೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ವಿಳಾಸವಿಲ್ಲದ, ಬಿಲ್ ಕೊಡದ, ಮೊಬೈಲ್ ನಂಬರ್ ಒಂದೇ ಇರುವ ಮಾರಾಟಗಾರರ ಮೇಲೆ ಈ ದಾರಿಗಳಲ್ಲಿ ಹೋಗುವುದು ಬಲು ಕಷ್ಟ, ಹಾಗಾಗಿ ವಿಳಾಸ ಮೊದಲೇ ನೋಡಿಕೊಳ್ಳಿ.

ಗೃಹಪ್ರವೇಶಕ್ಕೋ ಮುಂಜಿಗೋ ಬಂದವರಿಗೆಲ್ಲ ಕೊಡಲು ಐವತ್ತು ಅರವತ್ತು ಮಗ್ ಮಾಡಿಸುವವರು ಮೊದಲು ಒಂದೇ ಒಂದನ್ನು ಪೂರ್ತಿ ಬೆಲೆ ಕೊಟ್ಟು ತರಿಸಿ. ಎರಡು ವಾರ ದಿನಾ ಅದರಲ್ಲೇ ಕಾಫಿ ಕುಡಿದು, ಮನೆಯಲ್ಲಿ ಪಾತ್ರೆ ತೊಳೆಯುವ ಸೋಪು ಮತ್ತು ನಾರಿನಿಂದಲೇ ತೊಳೆಯಿರಿ. ಆಮೇಲೆ ಮೊದಲ ದಿನ ತೆಗೆದಿಟ್ಟ ಫೋಟೊದ ಪಕ್ಕ ಹಿಡಿದು ನೋಡಿ. ಬಾಯಂಚು, ಹಿಡಿಯ ಪಕ್ಕ ಬಣ್ಣ ಇಳಿದಿಲ್ಲವಾದರೆ ಉಳಿದದ್ದಕ್ಕೆ ಆರ್ಡರ್ ಕೊಡಿ, ಅದೇ ತಯಾರಿಕೆಯ ಮಗ್ಗುಗಳೇ ಬೇಕೆಂದು ಬರೆಯಿರಿ.

ಧಾರವಾಡದ ಸಮಾರಂಭಕ್ಕೆ ಆರು ವಾರ ಮೊದಲೇ ಆ ಹೆಣ್ಣುಮಗಳು ಕೆಲಸ ಶುರು ಮಾಡಿದ್ದಳು. ಸ್ಕ್ಯಾನ್‌ಗೆ, ಮೂವರನ್ನು ವಿಚಾರಿಸಲಿಕ್ಕೆ, ಪ್ರೂಫ್ ತಿದ್ದಲಿಕ್ಕೆ ಎರಡು ವಾರ ಹೋಯಿತು. ಮಾಡಿ ತಲುಪಿಸಲು ಹತ್ತು ದಿನ ಎಂದು ತಯಾರಕರು ಹೇಳಿದ್ದರು. ಮೊದಲ ಸಲ ಬಂದ ಎರಡು ಮಗ್ಗುಗಳಲ್ಲಿ ಒಂದು ದಾರಿಯಲ್ಲಿ ಸೀಳಿತ್ತು. ಪೆಟ್ಟಿಗೆ ಬಿಚ್ಚುವಾಗಲೇ ವಿಡಿಯೊ ಮಾಡಿದ್ದರಿಂದ ಮಾತು ಬೆಳೆಯಲಿಲ್ಲ, ಇನ್ನೊಂದನ್ನು ಮಾಡಿ ಕಳಿಸಿದರು, ಅದಕ್ಕೆ ಮತ್ತೆ ಹತ್ತು ದಿನ ಹಿಡಿಯಿತು. ಸಮಾರಂಭಕ್ಕೆ ಇನ್ನೂ ಒಂದು ವಾರ ಬಾಕಿ ಇತ್ತು. ಇಂಥ ಉಡುಗೊರೆಗೆ ದಿನ ಎಣಿಸುವಾಗ ತಯಾರಿಕೆಯ ಅವಧಿಯನ್ನು ಎರಡು ಸಲ ಎಣಿಸಿ.